1,400 ವರ್ಷದ ಲೆಕ್ಕ, 21 ನಿಮಿಷದಲ್ಲಿ

ಚಿಕ್ಕಬಳ್ಳಾಪುರ ಜಿಲ್ಲೆಯ ಗೌರಿಬಿದನೂರಿನ ಹತ್ತಿರ 1976ರಲ್ಲಿ ಒಂದು ರೇಡಿಯೊ ದೂರದರ್ಶಕ ಕೆಲಸ ಶುರುಮಾಡಿತು. ಅದನ್ನು ಕಟ್ಟಿ ನಡೆಸಿದ್ದು ಬೆಂಗಳೂರಿನ ಎರಡು ಸಂಸ್ಥೆಗಳು: ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಆಸ್ಟ್ರೋಫಿಸಿಕ್ಸ್ ಮತ್ತು ರಾಮನ್ ಸಂಶೋಧನಾ ಸಂಸ್ಥೆ. ದೂರದರ್ಶಕ ಎಂದಾಗ ಕಣ್ಣಿಗೆ ಬರುವ ದೊಡ್ಡ ತಟ್ಟೆ ಅಲ್ಲಿರಲಿಲ್ಲ. ಇದ್ದದ್ದು ಬಯಲಿನಲ್ಲಿ ಸಾಲಾಗಿ ನಿಂತ 1,000 ಡೈಪೋಲ್‌ಗಳು, ಅಂದರೆ ತಂತಿಯ ಸರಳ ಆಂಟೆನಾಗಳು. ಅವುಗಳನ್ನು ಇಂಗ್ಲಿಷಿನ ಟಿ ಅಕ್ಷರದ ಆಕಾರದಲ್ಲಿ ಹಾಕಿದ್ದರು. ಪೂರ್ವ-ಪಶ್ಚಿಮದ ತೋಳಿನಲ್ಲಿ 160 ಡೈಪೋಲ್‌ಗಳ ನಾಲ್ಕು ಸಾಲು, ಒಟ್ಟು 640. ಉದ್ದ ಸುಮಾರು 1.4 ಕಿಲೋಮೀಟರ್. ಉಳಿದ 360 ದಕ್ಷಿಣದ ಕಡೆ ಚಾಚಿದ ತೋಳಿನಲ್ಲಿ. ಅದರ ಉದ್ದ ಸುಮಾರು 450 ಮೀಟರ್. ಕೇಳುತ್ತಿದ್ದ ಆವೃತ್ತಿ 34.5 ಮೆಗಾಹರ್ಟ್ಸ್.

ಪೂರ್ವ-ಪಶ್ಚಿಮದ ತೋಳನ್ನಷ್ಟೇ ತೆಗೆದುಕೊಳ್ಳೋಣ. ಆಕಾಶದ ಒಂದು ಕಡೆಯಿಂದ 34.5 ಮೆಗಾಹರ್ಟ್ಸ್‌ನ ಶುದ್ಧವಾದ ಒಂದು ಅಲೆ ಬರುತ್ತಿದೆ ಎಂದುಕೊಳ್ಳಿ. ನಿಜವಾದ ಆಕಾಶ ಇಷ್ಟು ಶುದ್ಧವಲ್ಲ, ಆ ಮಾತಿಗೆ ಆಮೇಲೆ ಬರುತ್ತೇನೆ. 640 ಡೈಪೋಲ್‌ಗಳಲ್ಲಿ ಒಂದೊಂದರಲ್ಲೂ ಒಂದು ಸೈನ್ ಅಲೆ ಏಳುತ್ತದೆ. ಎಲ್ಲದರ ಆವೃತ್ತಿ ಒಂದೇ: ಸೆಕೆಂಡಿಗೆ 3 ಕೋಟಿ 45 ಲಕ್ಷ ಸುತ್ತು. ಆದರೆ ಅಲೆಯ ನೆತ್ತಿಯ ಎತ್ತರ, ಅಂದರೆ ಪಾರ, ಒಂದರಲ್ಲಿ ತುಸು ಹೆಚ್ಚು, ಇನ್ನೊಂದರಲ್ಲಿ ತುಸು ಕಡಿಮೆ. ಆ ನೆತ್ತಿ ಯಾವ ಗಳಿಗೆಯಲ್ಲಿ ಬರುತ್ತದೆ ಎಂಬುದೂ, ಅಂದರೆ ಫೇಸ್ ಕೂಡ, ಬೇರೆಬೇರೆ. ಇಷ್ಟನ್ನೂ ಕೂಡಿದರೆ ಎಂಥ ಅಲೆ ಬರುತ್ತದೆ?

ನೇರ ದಾರಿ ಹೀಗಿದೆ. ಒಂದು ಸುತ್ತಿಗೆ ಕನಿಷ್ಠ ಎರಡು ಬಿಂದುಗಳಲ್ಲಾದರೂ ಪ್ರತಿ ಅಲೆಯನ್ನು ಅಳೆಯಬೇಕು. ಅಂದರೆ ಒಂದು ಡೈಪೋಲ್‌ಗೆ ಸೆಕೆಂಡಿಗೆ 6 ಕೋಟಿ 90 ಲಕ್ಷ ಸಂಖ್ಯೆ, 640 ಡೈಪೋಲ್‌ಗಳಿಗೆ ಸೆಕೆಂಡಿಗೆ 4,416 ಕೋಟಿ ಸಂಖ್ಯೆ. ಒಬ್ಬ ಮನುಷ್ಯ ಊಟ, ನಿದ್ದೆ ಬಿಟ್ಟು ಸೆಕೆಂಡಿಗೊಂದು ಸಂಖ್ಯೆಯಂತೆ ಇವನ್ನು ಕೂಡುತ್ತಾ ಹೋದರೆ, ಒಂದೇ ಒಂದು ಸೆಕೆಂಡಿನ ಅಲೆಯ ಲೆಕ್ಕ ಮುಗಿಯಲು ಸುಮಾರು 1,400 ವರ್ಷ ಬೇಕು. ಬಾದಾಮಿಯಲ್ಲಿ ಇಮ್ಮಡಿ ಪುಲಕೇಶಿ ಆಳುತ್ತಿದ್ದಾಗ ಕೂತವನು ಈ ಹೊತ್ತಿಗೆ ಮೇಲೇಳುತ್ತಿದ್ದ.

ಇನ್ನೊಂದು ದಾರಿಯಲ್ಲಿ ಒಂದು ಡೈಪೋಲ್‌ಗೆ ಎರಡೇ ಸಂಖ್ಯೆ ಸಾಕು, ಒಟ್ಟು 1,280. ಅದೇ ಸೆಕೆಂಡಿಗೊಂದರ ವೇಗದಲ್ಲಿ ಕೂಡಿದರೆ 21 ನಿಮಿಷ 20 ಸೆಕೆಂಡು. ಸಿಗುವ ಉತ್ತರ ಅಂದಾಜಲ್ಲ, ಕರಾರುವಾಕ್ಕಾದದ್ದು. ಅದೂ ಬರೀ ಒಂದು ಸೆಕೆಂಡಿಗಲ್ಲ. ಅಲೆ ಎಲ್ಲಿಯವರೆಗೆ ಹೀಗೇ ಇರುತ್ತದೋ ಅಲ್ಲಿಯವರೆಗಿನ ಎಲ್ಲ ಕಾಲಕ್ಕೂ.

ಇದು ಸಾಧ್ಯವಾಗುವುದು ಹೇಗೆ? ಫೇಸ್ ಹೊಂದದ ನೂರಾರು ಅಲೆಗಳನ್ನು ಒಂದರ ಮೇಲೊಂದು ಹೇರಿದರೆ ಏನೋ ಅಂಕುಡೊಂಕಾದ ಆಕೃತಿ ಬರಬೇಕು ಎಂದು ಮನಸ್ಸು ಹೇಳುತ್ತದೆ. ಬರುವುದಿಲ್ಲ. ಆವೃತ್ತಿ ಒಂದೇ ಆಗಿದ್ದರೆ ಎಷ್ಟು ಸೈನ್ ಅಲೆಗಳನ್ನು ಹೇಗೇ ಕೂಡಿದರೂ ಬರುವುದು ಅದೇ ಆವೃತ್ತಿಯ, ಒಂದಿಷ್ಟೂ ಸೊಟ್ಟಗಾಗದ, ಒಂದೇ ಸೈನ್ ಅಲೆ. ಕಾರಣ ಪಿಯುಸಿಯಲ್ಲಿ ಓದಿದ ಈ ಒಂದು ಸಾಲಿನಲ್ಲಿದೆ:

cos(ωt + φ) = cos φ · cos ωt − sin φ · sin ωt

ಇಲ್ಲಿ ω ಎಂಬುದು ಆವೃತ್ತಿಯ ಅಳತೆ, t ಎಂಬುದು ಕಾಲ, φ ಎಂಬುದು ಫೇಸ್. ಬಲಗಡೆ ನೋಡಿ. ಕಾಲದ ಜೊತೆ ಬದಲಾಗುವುದು cos ωt ಮತ್ತು sin ωt ಎಂಬ ಎರಡೇ ಅಲೆಗಳು, ಮತ್ತು ಈ ಎರಡು 640 ಡೈಪೋಲ್‌ಗಳಿಗೂ ಸಾಮಾನ್ಯ. ಒಂದು ಡೈಪೋಲ್‌ಗೂ ಇನ್ನೊಂದಕ್ಕೂ ಇರುವ ವ್ಯತ್ಯಾಸವೆಲ್ಲ ಈ ಎರಡನ್ನು ಯಾವ ಪ್ರಮಾಣದಲ್ಲಿ ಬೆರೆಸಿದ್ದಾರೆ ಎಂಬುದರಲ್ಲಿ ಮಾತ್ರ. ಬೆರಕೆಗಳನ್ನು ಕೂಡಿದರೆ ಪ್ರಮಾಣಗಳು ಕೂಡುತ್ತವೆ, ಅಷ್ಟೇ. ಮೂರನೆಯ ಬಗೆಯ ಅಲೆ ಹುಟ್ಟಲು ದಾರಿಯೇ ಇಲ್ಲ. ಕೋಟಿಗಟ್ಟಲೆ ಬಿಂದುಗಳಲ್ಲಿ ಹರಡಿಕೊಂಡಂತೆ ಕಾಣುವ ಅಲೆಯ ಒಳಗೆ ನಿಜವಾಗಿ ಇರುವ ಸುದ್ದಿ ಎರಡು ಸಂಖ್ಯೆಗಳಷ್ಟೇ.

ಆ ಎರಡು ಸಂಖ್ಯೆಗಳನ್ನು ಜೋಡಿಸಿ ಒಂದೇ ಸಮ್ಮಿಶ್ರ ಸಂಖ್ಯೆಯಾಗಿ ಬರೆದರೆ ಅದೇ ಆ ಅಲೆಯ ಸಮ್ಮಿಶ್ರ ಪಾರ. ಕಾಗದದ ಮೇಲೆ ಅದು ಒಂದು ಬಾಣ: ಉದ್ದ ಅಲೆಯ ಪಾರ, ವಾಲಿರುವ ಕೋನ ಅಲೆಯ ಫೇಸ್. ಅಡ್ಡ ಅಳತೆ ವಾಸ್ತವ ಭಾಗ, ನಿಲುವು ಅಳತೆ ಕಾಲ್ಪನಿಕ ಭಾಗ. ನಿಜದಲ್ಲಿ ಈ ಬಾಣಗಳು ಸೆಕೆಂಡಿಗೆ ಮೂರೂವರೆ ಕೋಟಿ ಸಲ ತಿರುಗುತ್ತಿರುತ್ತವೆ. ಆದರೆ ಎಲ್ಲವೂ ಒಂದೇ ವೇಗದಲ್ಲಿ, ಬೀಸುವ ಕಲ್ಲಿನ ಮೇಲೆ ಸೀಮೆಸುಣ್ಣದಲ್ಲಿ ಎಳೆದ ಗೆರೆಗಳ ಹಾಗೆ. ಕಲ್ಲು ಎಷ್ಟೇ ಜೋರಾಗಿ ತಿರುಗಿದರೂ ಗೆರೆಗಳ ನಡುವಿನ ಕೋನ ಬದಲಾಗುವುದಿಲ್ಲ. ಆದ್ದರಿಂದ ತಿರುಗಾಟವನ್ನು ಲೆಕ್ಕದಿಂದ ಪೂರ್ತಿ ತೆಗೆದುಹಾಕಿ, ನಿಂತ ಬಾಣಗಳನ್ನೇ ಕೂಡಬಹುದು.

ಚಾರ್ಲ್ಸ್ ಸ್ಟೈನ್‌ಮೆಟ್ಜ್ ಎಂಬ ಎಂಜಿನಿಯರ್ 1893ರಲ್ಲಿ ಷಿಕಾಗೊದ ಅಂತಾರಾಷ್ಟ್ರೀಯ ವಿದ್ಯುತ್ ಸಮ್ಮೇಳನದಲ್ಲಿ ಎಸಿ ವಿದ್ಯುತ್ತಿನ ಲೆಕ್ಕಕ್ಕೆ ಸಮ್ಮಿಶ್ರ ಸಂಖ್ಯೆಗಳನ್ನು ಬಳಸುವ ಈ ಪದ್ಧತಿಯನ್ನು ಮುಂದಿಟ್ಟರು. ಆಮೇಲೆ ಅವರು ಜೀವಮಾನವೆಲ್ಲ ದುಡಿದದ್ದು ಜನರಲ್ ಎಲೆಕ್ಟ್ರಿಕ್ ಕಂಪನಿಯಲ್ಲಿ. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ ಹರಿಸಿದ ಯಂತ್ರಗಳೂ ಆ ಕಂಪನಿಯವೇ.

ಮೂರೇ ಅಲೆಗಳಲ್ಲಿ ಕೈಯಾರೆ ಮಾಡಿ ನೋಡೋಣ. ಮೊದಲನೆಯದು 5 cos(ωt + 20°), ಎರಡನೆಯದು 3 cos(ωt + 110°), ಮೂರನೆಯದು 4 cos(ωt − 130°). ಪ್ರತಿ ಬಾಣದ ಅಡ್ಡ ಅಳತೆ ಪಾರ ಗುಣಿಸು cos, ನಿಲುವು ಅಳತೆ ಪಾರ ಗುಣಿಸು sin. ಮೊದಲನೆಯದಕ್ಕೆ ಅಡ್ಡ 4.698, ನಿಲುವು 1.710. ಎರಡನೆಯದಕ್ಕೆ −1.026 ಮತ್ತು 2.819. ಮೂರನೆಯದಕ್ಕೆ −2.571 ಮತ್ತು −3.064. ಅಡ್ಡ ಅಳತೆಗಳನ್ನೆಲ್ಲ ಕೂಡಿದರೆ 1.101, ನಿಲುವು ಅಳತೆಗಳನ್ನೆಲ್ಲ ಕೂಡಿದರೆ 1.465. ಇವೆರಡರ ವರ್ಗಗಳನ್ನು ಕೂಡಿ ವರ್ಗಮೂಲ ತೆಗೆದರೆ 1.83, ಕೋನ 53 ಡಿಗ್ರಿ. ಮುಗಿಯಿತು:

5 cos(ωt + 20°) + 3 cos(ωt + 110°) + 4 cos(ωt − 130°) ≈ 1.83 cos(ωt + 53°)

ಐದು, ಮೂರು, ನಾಲ್ಕು ಸೇರಿ 12 ಆಗಬೇಕಿದ್ದ ಕಡೆ ಉಳಿದದ್ದು ಎರಡಕ್ಕೂ ಕಡಿಮೆ. ನಂಬಿಕೆ ಬರದಿದ್ದರೆ ಎರಡು ಗಳಿಗೆಗಳಲ್ಲಿ ಪರೀಕ್ಷಿಸಿ. t ಸೊನ್ನೆಯಾದಾಗ ಎಡಗಡೆಯ ಮೂರರ ಮೊತ್ತ 1.10, ಬಲಗಡೆಯೂ 1.10. ಕಾಲು ಸುತ್ತು ಕಳೆದ ಮೇಲೆ ಎರಡೂ ಕಡೆ −1.46 ಆಸುಪಾಸು. ಕಾಲು ಸುತ್ತಿನ ಅಂತರದಲ್ಲಿ ಎರಡು ಕಡೆ ಹೊಂದಿತೆಂದರೆ ಮುಂದಿನ ಕೋಟ್ಯಂತರ ಸುತ್ತುಗಳಲ್ಲಿ ಎಲ್ಲೂ ತಪ್ಪಲು ಸಾಧ್ಯವಿಲ್ಲ, ಏಕೆಂದರೆ ಪರೀಕ್ಷಿಸಲು ಇದ್ದದ್ದೇ ಎರಡು ಸಂಖ್ಯೆ.

ಈ ಲೆಕ್ಕದಲ್ಲಿ ವಿದ್ಯಾರ್ಥಿಗಳು ಜಾರುವ ಜಾಗ ಒಂದಿದೆ, ಅದು ಕೊನೆಯ ಕೋನ. ನಿಲುವನ್ನು ಅಡ್ಡದಿಂದ ಭಾಗಿಸಿ ಕ್ಯಾಲ್ಕುಲೇಟರಿನಲ್ಲಿ ಟ್ಯಾನ್ ಇನ್‌ವರ್ಸ್ ಒತ್ತಿದರೆ 53 ಸಿಗುತ್ತದೆ. ಆದರೆ ಎರಡು ಮೊತ್ತಗಳೂ ಋಣವಾಗಿದ್ದರೆ, ಅಂದರೆ −1.101 ಮತ್ತು −1.465 ಆಗಿದ್ದರೆ, ಭಾಗಿಸುವಾಗ ಋಣಚಿಹ್ನೆಗಳು ಹಾರಿಹೋಗಿ ಆಗಲೂ 53 ಎಂದೇ ತೋರಿಸುತ್ತದೆ. ನಿಜವಾದ ಕೋನ −127 ಡಿಗ್ರಿ, ತದ್ವಿರುದ್ಧ ದಿಕ್ಕು. ಬಾಣವನ್ನು ಒಮ್ಮೆ ಕಾಗದದ ಮೇಲೆ ಗೀಚಿ ನೋಡಿದವರಿಗೆ ಈ ತಪ್ಪು ತಕ್ಷಣ ಕಾಣುತ್ತದೆ.

ಈಗ ಮತ್ತೆ ಗೌರಿಬಿದನೂರಿನ ಬಯಲಿಗೆ. 34.5 ಮೆಗಾಹರ್ಟ್ಸ್‌ನ ಅಲೆಯ ತರಂಗಾಂತರ 8.69 ಮೀಟರ್. ಸಾಲಿನ ಒಂದು ಡೈಪೋಲ್‌ನಿಂದ ಇನ್ನೊಂದಕ್ಕೆ ಸುಮಾರು 8.6 ಮೀಟರ್. ಅಲೆ ನೆತ್ತಿಯ ಮೇಲಿಂದ ನೇರವಾಗಿ ಬಂದರೆ 160 ಡೈಪೋಲ್‌ಗಳನ್ನೂ ಏಕಕಾಲಕ್ಕೆ ಮುಟ್ಟುತ್ತದೆ. 160 ಬಾಣಗಳೂ ಒಂದೇ ದಿಕ್ಕಿನಲ್ಲಿ ನಿಲ್ಲುತ್ತವೆ. ಪ್ರತಿಯೊಂದರ ಉದ್ದ 1 ಎಂದಿಟ್ಟುಕೊಂಡರೆ ಮೊತ್ತ 160, ನಾಲ್ಕು ಸಾಲು ಸೇರಿ 640.

ಅಲೆ ಬರುವ ದಿಕ್ಕು ಪೂರ್ವಕ್ಕೆ ಕೊಂಚ ವಾಲಲಿ, ಬರೀ 0.36 ಡಿಗ್ರಿ. ಪೂರ್ಣಚಂದ್ರನ ಅಗಲ ಸುಮಾರು ಅರ್ಧ ಡಿಗ್ರಿ, ಅದಕ್ಕಿಂತಲೂ ಕಡಿಮೆ. ಈಗ ಅಲೆ ಒಂದು ಡೈಪೋಲ್‌ನಿಂದ ಪಕ್ಕದ್ದಕ್ಕೆ ತಲುಪಲು ಐದೂವರೆ ಸೆಂಟಿಮೀಟರಿನಷ್ಟು ಹೆಚ್ಚು ದೂರ ಹೋಗಬೇಕು. ಫೇಸ್‌ನ ಲೆಕ್ಕದಲ್ಲಿ ಅದು 2.25 ಡಿಗ್ರಿ, ಕಣ್ಣಿಗೆ ಕಾಣದಷ್ಟು ಸಣ್ಣ ತಿರುವು. ಬಾಣಗಳನ್ನು ಒಂದರ ತುದಿಗೆ ಇನ್ನೊಂದರ ಬುಡ ಇಟ್ಟು ಜೋಡಿಸುತ್ತಾ ಹೋಗಿ. ಪ್ರತಿ ಬಾಣವೂ ಹಿಂದಿನದಕ್ಕಿಂತ 2.25 ಡಿಗ್ರಿ ಹೊರಳಿರುತ್ತದೆ. ಹತ್ತಿಪ್ಪತ್ತು ಇಡುವವರೆಗೆ ಸಾಲು ನೆಟ್ಟಗೆ ಇದ್ದಂತೆಯೇ ಕಾಣುತ್ತದೆ. ನಲವತ್ತಕ್ಕೆ ಬರುವಾಗ ಅದು ಲಂಬಕೋನದಷ್ಟು ಬಾಗಿದೆ. ಎಂಬತ್ತಕ್ಕೆ ಹಿಮ್ಮುಖ. 160ನೆಯದನ್ನು ಇಟ್ಟಾಗ 160 ಗುಣಿಸು 2.25, ಸರಿಯಾಗಿ 360 ಡಿಗ್ರಿ: ಸಾಲು ಹೊರಟ ಜಾಗಕ್ಕೇ ಬಂದು ಮುಚ್ಚಿಕೊಳ್ಳುತ್ತದೆ. 160 ಬಾಣಗಳೂ ಪೂರ್ತಿ ಉದ್ದದವು, ಒಂದೂ ದುರ್ಬಲವಾಗಿಲ್ಲ, ಆದರೂ ಮೊತ್ತ ಸೊನ್ನೆ. ಬಯಲಿನಲ್ಲಿ 640 ಆಂಟೆನಾಗಳು ಅಲೆಯನ್ನು ಹಿಡಿಯುತ್ತಿವೆ, ಕೇಬಲ್ಲುಗಳ ಕೊನೆಯಲ್ಲಿ ಏನೂ ಇಲ್ಲ.

ಅರ್ಧ ದಾರಿಯಲ್ಲಿ, 0.18 ಡಿಗ್ರಿ ವಾಲಿದಾಗ, ಬಾಣಗಳು ಅರ್ಧವೃತ್ತ ಕಟ್ಟುತ್ತವೆ. ಮೊತ್ತ ಆ ಅರ್ಧವೃತ್ತದ ವ್ಯಾಸ: ಒಂದು ಸಾಲಿಗೆ 102, ನಾಲ್ಕಕ್ಕೆ 407. 0.54 ಡಿಗ್ರಿಗೆ ಹೋದರೆ ಬಾಣಗಳು ಒಂದೂವರೆ ಸುತ್ತು ಸುತ್ತಿ, ಮೊದಲಿಗಿಂತ ಚಿಕ್ಕ ವೃತ್ತದ ವ್ಯಾಸ ಉಳಿಯುತ್ತದೆ: ಸಾಲಿಗೆ 34. ಹೀಗೆ 640ರಿಂದ 407ಕ್ಕೆ, ಸೊನ್ನೆಗೆ, ಮತ್ತೆ ಸಣ್ಣದಾಗಿ 136ಕ್ಕೆ ಏರಿಳಿಯುವುದೇ ದೂರದರ್ಶಕದ ಚೂಪಾದ ನೋಟ. ಒಂದೂ ಡೈಪೋಲ್‌ಗೆ ತನ್ನಷ್ಟಕ್ಕೆ ದಿಕ್ಕಿನ ಇಂಥ ಸೂಕ್ಷ್ಮ ಅರಿವಿಲ್ಲ, ಅದಕ್ಕೆ ಆಕಾಶದ ಬಹುಪಾಲು ಒಂದೇ. ಆ ಅರಿವು ಹುಟ್ಟುವುದು ಕೂಡಿಕೆಯಲ್ಲಿ. ಆಮೇಲೆ ಈ ತೋಳಿನ ಮೊತ್ತವನ್ನೂ ದಕ್ಷಿಣದ ತೋಳಿನ ಮೊತ್ತವನ್ನೂ ಒಂದಕ್ಕೊಂದು ಗುಣಿಸುತ್ತಿದ್ದರು. ಎರಡು ತೋಳುಗಳ ನೋಟ ಎಲ್ಲಿ ಒಂದನ್ನೊಂದು ದಾಟುತ್ತದೋ ಆಕಾಶದ ಆ ಚೂರು ಮಾತ್ರ ಹಾಗೆ ಉಳಿಯುತ್ತಿತ್ತು.

ಬಾಣಗಳು ಯಾವ ಶಿಸ್ತೂ ಇಲ್ಲದೆ ಮನಬಂದ ಕಡೆ ಮುಖ ಮಾಡಿದ್ದರೆ? ಆಗ ಮೊತ್ತ ಸೊನ್ನೆಯಾಗುತ್ತದೆ ಎಂದು ಅನ್ನಿಸುವುದು ಸಹಜ, ಆದರೆ ಹಾಗಾಗುವುದಿಲ್ಲ. ಸೊನ್ನೆಯಾಗಲು 2.25 ಡಿಗ್ರಿಯಂಥ ಕಟ್ಟುನಿಟ್ಟು ಬೇಕು. ಗೊತ್ತುಗುರಿಯಿಲ್ಲದ 640 ಬಾಣಗಳ ಮೊತ್ತದ ವರ್ಗವನ್ನು ಬಿಡಿಸಿ ಬರೆದರೆ, ಪ್ರತಿ ಬಾಣದ ಸ್ವಂತ ವರ್ಗಗಳು ಸೇರಿ 640 ಆಗುತ್ತವೆ. ಎರಡೆರಡು ಬಾಣಗಳ ನಡುವಿನ ಗುಣಲಬ್ಧಗಳು ಅರ್ಧ ಧನ, ಅರ್ಧ ಋಣವಾಗಿ ಸರಾಸರಿಯಲ್ಲಿ ಅಳಿದುಹೋಗುತ್ತವೆ. ಉಳಿಯುವುದು 640ರ ವರ್ಗಮೂಲ, ಸುಮಾರು 25. ಶಕ್ತಿ ಪಾರದ ವರ್ಗವಾದ್ದರಿಂದ ಶಿಸ್ತಿನ ಸಾಲಿನದು 4,09,600, ಅಡ್ಡಾದಿಡ್ಡಿ ಸಾಲಿನದು 640. ಅದೇ ಡೈಪೋಲ್, ಅದೇ ಕೇಬಲ್, ಅದೇ ಆಕಾಶ; ವ್ಯತ್ಯಾಸ 640 ಪಟ್ಟು. ಇಷ್ಟು ದೊಡ್ಡ ಅಂತರ ಬರೀ ಕೋನಗಳಲ್ಲಿ ಅಡಗಿದೆ ಎಂಬುದು ನನ್ನನ್ನು ಇವತ್ತಿಗೂ ಬೆರಗುಗೊಳಿಸುತ್ತದೆ.

ಹಾಗಾದರೆ ಎಷ್ಟು ನಿಖರವಾಗಿ ಜೋಡಿಸಬೇಕು? 10 ಡಿಗ್ರಿ ಫೇಸ್ ಎಂದರೆ ಗಾಳಿಯಲ್ಲಿ 24 ಸೆಂಟಿಮೀಟರ್. ಸಾಮಾನ್ಯ ಕೇಬಲ್ಲಿನೊಳಗೆ ಅಲೆ ಬೆಳಕಿನ ವೇಗದ ಮೂರನೇ ಎರಡರಷ್ಟು ವೇಗದಲ್ಲಿ ಹೋಗುವುದರಿಂದ ಅಲ್ಲಿ 16 ಸೆಂಟಿಮೀಟರ್, ಒಂದು ಗೇಣಿಗಿಂತ ಕಡಿಮೆ. ಪ್ರತಿ ಡೈಪೋಲ್‌ನ ದಾರಿಯಲ್ಲಿ ಇಷ್ಟರ ಆಸುಪಾಸಿನಲ್ಲಿ ಹಿಂದುಮುಂದಾಗಿದ್ದರೂ 640ರಲ್ಲಿ ಸುಮಾರು 630 ಕೈಗೆ ಸಿಗುತ್ತದೆ. ತಪ್ಪು 30 ಡಿಗ್ರಿಗೆ ಬೆಳೆದರೆ 558. 60 ಡಿಗ್ರಿಯಾದರೆ 370. ಮೊದಮೊದಲು ನಷ್ಟ ಎಷ್ಟು ನಿಧಾನವೋ, ಆಮೇಲೆ ಅಷ್ಟು ಬೇಗ.

ಈ ಉದಾರತೆಯಲ್ಲೇ ಒಂದು ಅಪಾಯವೂ ಇದೆ. ಒಂದು ಡೈಪೋಲ್‌ನ ಎರಡು ತಂತಿಗಳನ್ನು ಅದಲುಬದಲಾಗಿ ಜೋಡಿಸಿದರೆ ಅದರ ಬಾಣ 180 ಡಿಗ್ರಿ ತಿರುಗುತ್ತದೆ. ಮೊತ್ತ 640ರಿಂದ 638ಕ್ಕೆ ಇಳಿಯುತ್ತದೆ, ಯಾರ ಗಮನಕ್ಕೂ ಬರುವುದಿಲ್ಲ. ಕೆಟ್ಟುಹೋದ ಡೈಪೋಲ್ ಇನ್ನೂ ಸದ್ದಿಲ್ಲದ್ದು: 639. ತಪ್ಪು ಮುಖ ತೋರಿಸಬೇಕಾದ ಜಾಗ ಎತ್ತರದಲ್ಲಿಲ್ಲ, ಸೊನ್ನೆಯಲ್ಲಿದೆ. 0.36 ಡಿಗ್ರಿಯಲ್ಲಿ ವೃತ್ತ ಮುಚ್ಚಿಕೊಳ್ಳಬೇಕಿತ್ತು. ಒಂದು ಬಾಣ ಇಲ್ಲದಿದ್ದರೆ ಅಲ್ಲಿ 1 ಉಳಿಯುತ್ತದೆ, ತಿರುಗಿದ್ದರೆ 2. ಅದೂ ಆಕಾಶದ ಗದ್ದಲದಲ್ಲಿ ಮುಳುಗಿಹೋಗಬಹುದಾದಷ್ಟು ಸಣ್ಣದೇ. ಆದ್ದರಿಂದ ಖಚಿತವಾದ ದಾರಿ ಜೋಡಿ ಪರೀಕ್ಷೆ. ಚೆನ್ನಾಗಿದೆ ಎಂದು ಗೊತ್ತಿರುವ ಒಂದು ಡೈಪೋಲ್‌ನ ಜೊತೆ ಅನುಮಾನದ್ದನ್ನು ಮಾತ್ರ ಕೂಡಿ, ಎರಡಕ್ಕೂ ಒಂದೇ ಆಂದೋಲಕದ ಅಲೆ ಕೊಡುವುದು. ಸರಿಯಿದ್ದರೆ 2, ಸತ್ತಿದ್ದರೆ 1, ತಿರುಗಿದ್ದರೆ 0. ಸಾಲಿನಲ್ಲಿ ಸಾವಿರದಲ್ಲಿ ಮೂರು ಪಾಲಿನಷ್ಟು ಇದ್ದ ವ್ಯತ್ಯಾಸ ಜೋಡಿಯಲ್ಲಿ ನೂರಕ್ಕೆ ನೂರಾಗಿ ಎದ್ದು ಕಾಣುತ್ತದೆ.

ಮೊದಲು ಮುಂದಕ್ಕೆ ಹಾಕಿದ್ದ ಮಾತಿಗೆ ಬರುತ್ತೇನೆ. ಆಕಾಶದಿಂದ ಬರುವುದು ಒಂದೇ ಆವೃತ್ತಿಯ ಶುದ್ಧ ಅಲೆಯಲ್ಲ, ಎಲ್ಲ ಆವೃತ್ತಿಗಳ ಮೊರೆತ. ಅದರಲ್ಲಿ 34.5 ಮೆಗಾಹರ್ಟ್ಸ್‌ನ ಸುತ್ತ ಒಂದು ಕಿರಿದಾದ ಪಟ್ಟಿಯನ್ನು ಮಾತ್ರ ಸೋಸಿಕೊಂಡರೆ, ಆ ಪಟ್ಟಿಯೊಳಗಿನ ಅಲೆ ಬಹುಮಟ್ಟಿಗೆ ಒಂದೇ ಸೈನ್ ಅಲೆಯಂತೆ ನಡೆಯುತ್ತದೆ. ಅದರ ಪಾರ, ಫೇಸ್ ಮಾತ್ರ ನಿಧಾನವಾಗಿ ಬದಲಾಗುತ್ತಿರುತ್ತವೆ. ಪಟ್ಟಿಯ ಅಗಲ 30 ಕಿಲೋಹರ್ಟ್ಸ್ ಎಂದರೆ ಬಾಣ ಗಮನಾರ್ಹವಾಗಿ ಬದಲಾಗುವುದರೊಳಗೆ ಅಲೆ ಸಾವಿರಕ್ಕೂ ಹೆಚ್ಚು ಸುತ್ತು ಮುಗಿಸಿರುತ್ತದೆ. ಹಾಗಾಗಿ ಕೂಡಿಕೆ ಊರ್ಜಿತ.

ಪಟ್ಟಿ ಅಗಲವಾದಷ್ಟೂ ಕೂಡಿಕೆ ಸಡಿಲವಾಗುತ್ತದೆ, ಎಷ್ಟು ಬೇಗ ಎಂಬುದನ್ನು ದಕ್ಷಿಣದ ತೋಳು ತೋರಿಸಿಕೊಡುತ್ತದೆ. ದೂರದರ್ಶಕದ ನೋಟವನ್ನು ಉತ್ತರ-ದಕ್ಷಿಣವಾಗಿ ಸರಿಸಲು ಡೈಪೋಲ್‌ಗಳನ್ನು ಅಲುಗಾಡಿಸುತ್ತಿರಲಿಲ್ಲ. ಕೇಬಲ್ಲಿನ ದಾರಿಯಲ್ಲಿ ಫೇಸ್ ಬದಲಿಸುವ ಸಾಧನಗಳನ್ನಿಟ್ಟು ದೂರದಿಂದಲೇ ನಿಯಂತ್ರಿಸಿ ಬಾಣಗಳನ್ನು ತಿರುಗಿಸುತ್ತಿದ್ದರು. ನೆತ್ತಿಯಿಂದ 45 ಡಿಗ್ರಿ ಕೆಳಗೆ ನೋಡಬೇಕೆಂದರೆ, 450 ಮೀಟರ್ ತೋಳಿನ ಒಂದು ತುದಿಗೆ ಅಲೆ ಇನ್ನೊಂದು ತುದಿಗಿಂತ 318 ಮೀಟರ್ ಹೆಚ್ಚು ದೂರ ಬರಬೇಕು. 34.5 ಮೆಗಾಹರ್ಟ್ಸ್‌ನಲ್ಲಿ ಅದು 36.6 ಸುತ್ತು. ಶುದ್ಧ ಸೈನ್ ಅಲೆಗೆ ಪೂರ್ತಿ ಸುತ್ತುಗಳು ಲೆಕ್ಕಕ್ಕಿಲ್ಲ, 36ನ್ನು ಬಿಟ್ಟು 0.6 ಸುತ್ತನ್ನು ಸರಿಪಡಿಸಿದರೆ ಸಾಕು. ಆದರೆ ಅದೇ 318 ಮೀಟರ್ 35 ಮೆಗಾಹರ್ಟ್ಸ್‌ನಲ್ಲಿ 37.15 ಸುತ್ತು. ಆವೃತ್ತಿ ನೂರಕ್ಕೆ ಒಂದೂವರೆಯಷ್ಟು ಸರಿದದ್ದಕ್ಕೆ ತುದಿಯ ಬಾಣ ಅರ್ಧ ಸುತ್ತಿಗಿಂತ ಹೆಚ್ಚು ಹೊರಳಿ ಎದುರು ದಿಕ್ಕಿಗೆ ನಿಂತಿದೆ. 34.5ಕ್ಕೆ ಹೊಂದಿಸಿದ ಫೇಸ್‌ಗಳು 35ರಲ್ಲಿ ಬೇರೆಯೇ ದಿಕ್ಕನ್ನು ನೋಡುತ್ತಿರುತ್ತವೆ, ಉಪಕರಣ ಮಾತ್ರ ಅದನ್ನು ಹೇಳುವುದಿಲ್ಲ.

ಈ ಕಟ್ಟುಪಾಡಿನೊಳಗೇ ಕೆಲಸ ಮಾಡಿ ಕೆ. ಎಸ್. ದ್ವಾರಕಾನಾಥ್ ಮತ್ತು ಎನ್. ಉದಯಶಂಕರ್ ಅವರು ಗೌರಿಬಿದನೂರಿನಿಂದ ಕಾಣುವ ಆಕಾಶದ 34.5 ಮೆಗಾಹರ್ಟ್ಸ್ ನಕ್ಷೆಯನ್ನು 1990ರಲ್ಲಿ ಪ್ರಕಟಿಸಿದರು. ಅಗಲವಾದ ಪಟ್ಟಿಯನ್ನೇ ಬಳಸಬೇಕೆಂದರೆ ಅದನ್ನು ಕಿರಿದಾದ ಕಾಲುವೆಗಳಾಗಿ ಸೀಳಿ, ಪ್ರತಿ ಕಾಲುವೆಗೂ ಬೇರೆಬೇರೆ ಬಾಣಗಳನ್ನು ಲೆಕ್ಕ ಹಾಕಬೇಕಾಗುತ್ತದೆ. 318 ಮೀಟರ್ ಅಂತರಕ್ಕೆ ಕಾಲುವೆಯ ಒಂದಂಚಿನಿಂದ ಇನ್ನೊಂದಂಚಿಗೆ ಫೇಸ್ 10 ಡಿಗ್ರಿಗಿಂತ ಹೆಚ್ಚು ಬದಲಾಗಬಾರದು ಎಂದರೆ ಕಾಲುವೆಯ ಅಗಲ ಸುಮಾರು 26 ಕಿಲೋಹರ್ಟ್ಸ್. ಒಂದು ಮೆಗಾಹರ್ಟ್ಸ್ ಪಟ್ಟಿಗೆ ಅಂಥ ಸುಮಾರು 38 ಕಾಲುವೆ ಬೇಕು. 360 ಡೈಪೋಲ್‌ಗಳ ತೋಳಿಗೆ ಕಾಲುವೆಯೊಂದಕ್ಕೆ 360 ಸಮ್ಮಿಶ್ರ ಪಾರಗಳಂತೆ ಒಟ್ಟು 13,680. ಒಂದು ಪಾರಕ್ಕೆ ಎರಡು ಸಂಖ್ಯೆ, ಸೆಕೆಂಡಿಗೊಂದು ಸಂಖ್ಯೆಯ ಲೆಕ್ಕದಲ್ಲಿ ಪುಲಕೇಶಿಯ ಕಾಲದವನಿಗೆ ಇದು ಸುಮಾರು ಏಳೂವರೆ ಗಂಟೆಯ ಕೆಲಸ.